ಪ್ರಶ್ನೆಪತ್ರಿಕೆ ಎರಡಾದಾಗ: ಅಂಕಗಳ ಹೊಂದಾಣಿಕೆ ಮತ್ತು ಶ್ರೇಣಿ ನಿರ್ಣಯ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಒಂಬತ್ತನೆಯ ತರಗತಿಗೆ ಎ ಮತ್ತು ಬಿ ಎಂಬ ಎರಡು ವಿಭಾಗಗಳಿವೆ. ಒಂದೊಂದರಲ್ಲಿ 30 ಮಕ್ಕಳು. ಜುಲೈ ತಿಂಗಳಲ್ಲಿ ಶಾಲೆಯೇ ಪ್ರಶ್ನೆಪತ್ರಿಕೆ ತಯಾರಿಸಿ 80 ಅಂಕಗಳ ಗಣಿತ ಪರೀಕ್ಷೆಯನ್ನು ಏರ್ಪಡಿಸಿತು. ಕೊಠಡಿಗಳು ಸಾಲದ ಕಾರಣ ಎ ವಿಭಾಗಕ್ಕೆ ಸೋಮವಾರ, ಬಿ ವಿಭಾಗಕ್ಕೆ ಮಂಗಳವಾರ ಎಂದು ನಿಗದಿಯಾಗಿತ್ತು. ಮಂಗಳವಾರ ಮಳೆಯ ನಿಮಿತ್ತ ಜಿಲ್ಲೆಗೆ ರಜೆ ಘೋಷಿಸಲ್ಪಟ್ಟಿತು. ಗುರುವಾರ ಶಾಲೆ ತೆರೆಯುವ ವೇಳೆಗೆ ಸೋಮವಾರದ ಪ್ರಶ್ನೆಗಳು ಎಲ್ಲ ಮಕ್ಕಳಿಗೂ ತಿಳಿದಿದ್ದವು. ಆದುದರಿಂದ ಗಣಿತದ ಅಧ್ಯಾಪಕರು ಅವಸರದಲ್ಲಿ ಮತ್ತೊಂದು ಪತ್ರಿಕೆಯನ್ನು ಸಿದ್ಧಪಡಿಸಿ ಬಿ ವಿಭಾಗಕ್ಕೆ ಕೊಟ್ಟರು.

ಉತ್ತರಪತ್ರಿಕೆಗಳನ್ನು ತಿದ್ದಿದಾಗ ಎ ವಿಭಾಗದ ಸರಾಸರಿ 52, ಬಿ ವಿಭಾಗದ ಸರಾಸರಿ 44 ಎಂದು ಕಂಡುಬಂತು. ಎರಡನೆಯ ಪತ್ರಿಕೆ ಕಠಿಣವಾಗಿತ್ತು ಎಂದು ಬಿ ವಿಭಾಗದ ಮಕ್ಕಳೂ ರಕ್ಷಕರೂ ದೂರಿದರು. ಅಧ್ಯಾಪಕರ ಕೊಠಡಿಯಲ್ಲಿ ಸುಲಭವಾದ ಸಲಹೆಯೊಂದು ಬಂತು: ಬಿ ವಿಭಾಗದ ಎಲ್ಲರಿಗೂ ಎಂಟೆಂಟು ಅಂಕ ಸೇರಿಸಿಬಿಡೋಣ. ಈ ಸಲಹೆ ಏಕೆ ತಪ್ಪು, ಸರಿಯಾದ ಕ್ರಮ ಯಾವುದು, ಆ ಕ್ರಮವನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಒಂದು ಮಿತಿಯನ್ನು ಮೊದಲೇ ಹೇಳಬೇಕು. ಇಲ್ಲಿ ಹೇಳುವುದು ಶಾಲೆಯೇ ನಡೆಸುವ ಪರೀಕ್ಷೆಗಳಿಗೆ ಮಾತ್ರ ಅನ್ವಯಿಸುತ್ತದೆ. ಸಾರ್ವಜನಿಕ ಪರೀಕ್ಷೆಯ ಅಂಕಗಳನ್ನು ಹೊಂದಿಸುವ ಅಧಿಕಾರ ಅಧ್ಯಾಪಕರಿಗಿಲ್ಲ.

ಪತ್ರಿಕೆಯ ಕಠಿಣತೆ ಶ್ರೇಣಿಯನ್ನು ಮುಟ್ಟುವ ಬಗೆ

ಕೇರಳದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಶ್ರೇಣಿ ಪದ್ಧತಿ 2005ರಲ್ಲಿ ಬಂತು. ಶೇಕಡಾ 90 ಮತ್ತು ಅದಕ್ಕಿಂತ ಮೇಲಿನದು ಎ+, 80ರಿಂದ 89 ಎ, 70ರಿಂದ 79 ಬಿ+, 60ರಿಂದ 69 ಬಿ, 50ರಿಂದ 59 ಸಿ+, 40ರಿಂದ 49 ಸಿ, 30ರಿಂದ 39 ಡಿ+, 20ರಿಂದ 29 ಡಿ, ಅದಕ್ಕಿಂತ ಕೆಳಗಿನದು ಇ. ಗಣಿತದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ನಿರಂತರ ಮೌಲ್ಯಮಾಪನಕ್ಕೆ 20 ಅಂಕ. ಎರಡನ್ನೂ ಕೂಡಿಸಿದ ಮೊತ್ತದ ಮೇಲೆ ಶ್ರೇಣಿ ನಿರ್ಣಯವಾಗುತ್ತದೆ. ನಮ್ಮ ಉದಾಹರಣೆಯ ಶಾಲೆಯೂ ಇದೇ ಕ್ರಮವನ್ನು ಅನುಸರಿಸುತ್ತದೆ.

ಈ ಪದ್ಧತಿಯಲ್ಲಿ ಶ್ರೇಣಿಗಳ ಗಡಿಗಳು ಸ್ಥಿರವಾಗಿವೆ. ಪತ್ರಿಕೆ ಸುಲಭವಾದರೂ ಕಠಿಣವಾದರೂ 70 ಎಂಬ ಗಡಿ 70 ಆಗಿಯೇ ಇರುತ್ತದೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯ ಹತ್ತು ಮತ್ತು ಹನ್ನೆರಡನೆಯ ತರಗತಿಗಳ ಶ್ರೇಣಿಯಲ್ಲಿ ಕ್ರಮ ಬೇರೆ. ಅಲ್ಲಿ ಉತ್ತೀರ್ಣರಾದವರನ್ನು ಅಂಕಗಳ ಕ್ರಮದಲ್ಲಿ ನಿಲ್ಲಿಸಿ, ಮೇಲಿನ ಎಂಟನೆಯ ಒಂದು ಭಾಗಕ್ಕೆ ಮೊದಲ ಶ್ರೇಣಿ, ಮುಂದಿನ ಎಂಟನೆಯ ಒಂದು ಭಾಗಕ್ಕೆ ಎರಡನೆಯ ಶ್ರೇಣಿ ಎಂಬಂತೆ ಹಂಚುತ್ತಾರೆ. ಎಲ್ಲರೂ ಒಂದೇ ಪತ್ರಿಕೆ ಬರೆದಿದ್ದರೆ, ಅದು ಕಠಿಣವಾದರೂ ಆ ಹಂಚಿಕೆಗೆ ಹೆಚ್ಚಿನ ಬಾಧೆಯಿಲ್ಲ. ಸ್ಥಿರ ಗಡಿಗಳ ಪದ್ಧತಿಯಲ್ಲಾದರೋ ಪತ್ರಿಕೆಯ ಕಠಿಣತೆ ನೇರವಾಗಿ ಮಗುವಿನ ಶ್ರೇಣಿಗೆ ಇಳಿಯುತ್ತದೆ. ನಮ್ಮ ಶಾಲೆಯಲ್ಲಿ ಆಗಿರುವುದು ಇದೇ.

ಹೊಂದಿಸುವ ಮುನ್ನ ಕೇಳಬೇಕಾದ ಪ್ರಶ್ನೆ

ಎರಡು ವಿಭಾಗಗಳ ಸರಾಸರಿಗಳು ಬೇರೆಯಾಗಲು ಕಾರಣ ಪತ್ರಿಕೆಯ ಕಠಿಣತೆಯೇ ಆಗಬೇಕೆಂದಿಲ್ಲ. ತಿದ್ದಿದವರು ಬೇರೆಯಾಗಿರಬಹುದು. ಒಬ್ಬರು ಹಂತಹಂತಕ್ಕೂ ಅಂಕ ಕೊಡುತ್ತಾರೆ, ಇನ್ನೊಬ್ಬರು ಕೊನೆಯ ಉತ್ತರವನ್ನೇ ನೋಡುತ್ತಾರೆ. ಇಂತಹ ವ್ಯತ್ಯಾಸಕ್ಕೆ ಗಣಿತದ ಸೂತ್ರ ಮದ್ದಲ್ಲ; ಇಬ್ಬರೂ ಕುಳಿತು ಕೆಲವು ಉತ್ತರಪತ್ರಿಕೆಗಳನ್ನು ಒಟ್ಟಿಗೆ ತಿದ್ದಿ, ಅಂಕ ಕೊಡುವ ರೀತಿಯನ್ನು ಒಂದುಗೂಡಿಸುವುದೇ ಮದ್ದು. ಉತ್ತರ ಪ್ರದೇಶ ಲೋಕಸೇವಾ ಆಯೋಗಕ್ಕೆ ಸಂಬಂಧಿಸಿದ ಸಂಜಯ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಇದೇ ಭೇದವನ್ನು ಗುರುತಿಸಿತು. ಎಲ್ಲರೂ ಒಂದೇ ಪತ್ರಿಕೆಗೆ ಉತ್ತರಿಸಿ, ತಿದ್ದಿದವರು ಮಾತ್ರ ಬೇರೆಯಾಗಿದ್ದರೆ ತಿದ್ದುವಿಕೆಯನ್ನು ಸಮಗೊಳಿಸುವುದು ತಕ್ಕ ಕ್ರಮ. ಅಂಕಗಳ ಹೊಂದಾಣಿಕೆ ಸಲ್ಲುವುದು ಅಭ್ಯರ್ಥಿಗಳು ಬೇರೆ ಬೇರೆ ವಿಷಯಗಳ ಪತ್ರಿಕೆಗಳನ್ನು ಬರೆದಾಗ. ನಮ್ಮ ಶಾಲೆಯಲ್ಲಿ ವಿಷಯ ಒಂದೇ ಆದರೂ ಪತ್ರಿಕೆಗಳು ಎರಡು, ತಿದ್ದಿದವರು ಒಬ್ಬರೇ. ಆದುದರಿಂದ ಈ ಸಂಶಯ ಇಲ್ಲಿ ಉಳಿಯುವುದಿಲ್ಲ.

ಇನ್ನೊಂದು ಕಾರಣ ದೋಷಪೂರಿತ ಪ್ರಶ್ನೆ. ಗಡಿನಾಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇದಕ್ಕೆ ವಿಶೇಷ ಎಚ್ಚರಿಕೆ ಬೇಕು. ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ತಯಾರಾದ ಪ್ರಶ್ನೆ ಕನ್ನಡಕ್ಕೆ ಬರುವಾಗ ಒಂದು ಪದ ತಪ್ಪಿದರೂ ಲೆಕ್ಕದ ಅರ್ಥವೇ ಬದಲಾದೀತು. ‘ತ್ರಿಜ್ಯ’ ಇರಬೇಕಾದಲ್ಲಿ ‘ವ್ಯಾಸ’ ಎಂದು ಅಚ್ಚಾದರೆ ಜಾಣ ಮಗುವಿನ ಉತ್ತರವೂ ತಪ್ಪಾಗುತ್ತದೆ. ಇದನ್ನು ಕಂಡುಹಿಡಿಯುವ ಉಪಾಯ ಸರಳ. ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಹತ್ತು ಮಕ್ಕಳು ಮತ್ತು ಕಡಿಮೆ ಅಂಕ ಪಡೆದ ಹತ್ತು ಮಕ್ಕಳು ಆ ಪ್ರಶ್ನೆಗೆ ಗಳಿಸಿದ ಅಂಕಗಳನ್ನು ಹೋಲಿಸಿ ನೋಡಬೇಕು. ಪ್ರಶ್ನೆ ಕಠಿಣವಾಗಿದ್ದರೂ ಸರಿಯಾಗಿದ್ದರೆ ಮೊದಲ ಗುಂಪು ಎರಡನೆಯ ಗುಂಪಿಗಿಂತ ಮುಂದಿರುತ್ತದೆ. ಎರಡೂ ಗುಂಪುಗಳು ಒಂದೇ ರೀತಿಯಾಗಿ ಸೋತಿದ್ದರೆ ಪ್ರಶ್ನೆಯನ್ನೇ ಮತ್ತೊಮ್ಮೆ ಓದಬೇಕು. ದೋಷವಿದ್ದರೆ ಆ ಪ್ರಶ್ನೆಯನ್ನು ಕೈಬಿಟ್ಟು, ಉಳಿದ ಪ್ರಶ್ನೆಗಳಲ್ಲಿ ಬಂದ ಅಂಕಗಳನ್ನು 80ಕ್ಕೆ ಏರಿಸಬೇಕು. ನಾಲ್ಕು ಅಂಕಗಳ ಪ್ರಶ್ನೆ ಹೋದರೆ 76ಕ್ಕೆ ಬಂದ ಅಂಕವನ್ನು 80ರಿಂದ ಗುಣಿಸಿ 76ರಿಂದ ಭಾಗಿಸುವುದು. ಈ ಕೆಲಸ ಹೊಂದಾಣಿಕೆಗೆ ಮೊದಲೇ ಮುಗಿಯಬೇಕು. ಇಲ್ಲವಾದರೆ ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರ ಕೊಟ್ಟಂತಾಗುತ್ತದೆ.

ಈ ಎರಡು ಕಾರಣಗಳೂ ಇಲ್ಲವೆಂದು ಖಚಿತವಾದ ಮೇಲೂ ಮೂರನೆಯದೊಂದು ಉಳಿಯುತ್ತದೆ, ಮತ್ತು ಅದೇ ಮುಖ್ಯವಾದುದು. ಬಿ ವಿಭಾಗದ ಮಕ್ಕಳು ಗಣಿತದಲ್ಲಿ ಎ ವಿಭಾಗದವರಿಗಿಂತ ಮೊದಲೇ ಸ್ವಲ್ಪ ಹಿಂದಿದ್ದಿರಬಹುದು. ಹಾಗಿದ್ದರೆ ಎಂಟು ಅಂಕಗಳ ವ್ಯತ್ಯಾಸದಲ್ಲಿ ಒಂದು ಪಾಲು ಪತ್ರಿಕೆಯದು, ಇನ್ನೊಂದು ಪಾಲು ಮಕ್ಕಳದು. ಕೇವಲ ಈ ಎರಡು ಅಂಕಪಟ್ಟಿಗಳನ್ನು ಎಷ್ಟು ಹೊತ್ತು ನೋಡಿದರೂ ಆ ಪಾಲುಗಳನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಅದಕ್ಕೆ ಎರಡೂ ವಿಭಾಗಗಳು ಬರೆದ ಒಂದೇ ಪರೀಕ್ಷೆ ಬೇಕು. ಅದನ್ನು ಆಧಾರ ಪರೀಕ್ಷೆ ಎನ್ನೋಣ.

ಆಧಾರ ಪರೀಕ್ಷೆಯ ಸಾಕ್ಷ್ಯ

ನಮ್ಮ ಶಾಲೆಯಲ್ಲಿ ಅದೃಷ್ಟವಶಾತ್ ಅಂತಹ ಪರೀಕ್ಷೆಯೊಂದಿದೆ. ಜೂನ್ ತಿಂಗಳ ಕೊನೆಯಲ್ಲಿ ಎರಡೂ ವಿಭಾಗಗಳು ಒಂದೇ ದಿನ, ಒಂದೇ ಪತ್ರಿಕೆಯಲ್ಲಿ, 40 ಅಂಕಗಳ ಗಣಿತ ಘಟಕ ಪರೀಕ್ಷೆ ಬರೆದಿದ್ದವು, ತಿದ್ದಿದವರೂ ಒಬ್ಬರೇ. ಅದರಲ್ಲಿ ಎ ವಿಭಾಗದ ಸರಾಸರಿ 26, ಬಿ ವಿಭಾಗದ ಸರಾಸರಿ 24.

ಸರಾಸರಿಯ ಜೊತೆಗೆ ಅಂಕಗಳ ಹರವೂ ಬೇಕು. ಮಕ್ಕಳ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರದಲ್ಲಿ ಹರಡಿವೆ ಎಂಬುದನ್ನು ಮಾನಕ ವಿಚಲನೆ ತಿಳಿಸುತ್ತದೆ. ಕೈಯಲ್ಲಿ ಲೆಕ್ಕ ಮಾಡಬೇಕಾಗಿಲ್ಲ. ಶಾಲೆಯ ಕಂಪ್ಯೂಟರಿನ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ 30 ಮಕ್ಕಳ ಅಂಕಗಳನ್ನು ಒಂದು ಕಂಬದಲ್ಲಿ ತುಂಬಿದರೆ ಈ ಎರಡು ಸೂತ್ರಗಳು ಸಾಕು:

```
=AVERAGE(B2:B31)
=STDEV.P(B2:B31)
```

ನಮ್ಮ ಉದಾಹರಣೆಯಲ್ಲಿ ಬಂದ ಸಂಖ್ಯೆಗಳು ಇವು:

| | ಸರಾಸರಿ | ಮಾನಕ ವಿಚಲನೆ |
|---|---|---|
| ಎ ವಿಭಾಗ, ಘಟಕ ಪರೀಕ್ಷೆ (40) | 26 | 6 |
| ಬಿ ವಿಭಾಗ, ಘಟಕ ಪರೀಕ್ಷೆ (40) | 24 | 6 |
| ಎ ವಿಭಾಗ, ಮೊದಲ ಪತ್ರಿಕೆ (80) | 52 | 12 |
| ಬಿ ವಿಭಾಗ, ಎರಡನೆಯ ಪತ್ರಿಕೆ (80) | 44 | 15 |

ಘಟಕ ಪರೀಕ್ಷೆಯಲ್ಲಿ ಬಿ ವಿಭಾಗ ಎರಡು ಅಂಕಗಳಷ್ಟು ಹಿಂದಿತ್ತು. ಅಲ್ಲಿನ ಹರವು 6. ಮೊದಲ ಪತ್ರಿಕೆಯ ಹರವು 12, ಅಂದರೆ ಎರಡು ಪಟ್ಟು. ಆದುದರಿಂದ ಘಟಕ ಪರೀಕ್ಷೆಯ ಎರಡು ಅಂಕ ಮೊದಲ ಪತ್ರಿಕೆಯ ನಾಲ್ಕು ಅಂಕಗಳಿಗೆ ಸಮ. ಬಿ ವಿಭಾಗದವರು ಸೋಮವಾರದ ಪತ್ರಿಕೆಯನ್ನೇ ಬರೆದಿದ್ದರೂ ಅವರ ಸರಾಸರಿ 52 ಆಗುತ್ತಿರಲಿಲ್ಲ, ಸುಮಾರು 48 ಆಗುತ್ತಿತ್ತು. ಅವರಿಗೆ ಬಂದದ್ದು 44. ಹೀಗೆ ಎಂಟು ಅಂಕಗಳಲ್ಲಿ ನಾಲ್ಕು ಮಕ್ಕಳ ಪೂರ್ವಸಿದ್ಧತೆಯ ಪಾಲು, ನಾಲ್ಕು ಮಾತ್ರ ಪತ್ರಿಕೆಯ ಪಾಲು. ಎಲ್ಲರಿಗೂ ಎಂಟು ಅಂಕ ಸೇರಿಸುವ ಸಲಹೆ ಎ ವಿಭಾಗದ ಮಕ್ಕಳಿಗೆ ಅನ್ಯಾಯ ಮಾಡುತ್ತಿತ್ತು.

ಆಧಾರ ಪರೀಕ್ಷೆ ನಂಬಲರ್ಹವಾಗಬೇಕಾದರೆ ಅದು ಅದೇ ವಿಷಯದ್ದಾಗಿರಬೇಕು, ಇತ್ತೀಚಿನದಾಗಿರಬೇಕು, ಅದರ ನಂತರ ಎರಡು ವಿಭಾಗಗಳ ಬೋಧನೆಯಲ್ಲಿ ದೊಡ್ಡ ಅಂತರ ಉಂಟಾಗಿರಬಾರದು. ಜೂನ್ ತಿಂಗಳ ಬಳಿಕ ಬಿ ವಿಭಾಗಕ್ಕೆ ಮೂರು ವಾರ ಗಣಿತದ ಅಧ್ಯಾಪಕರೇ ಇರಲಿಲ್ಲ ಎಂದಾದರೆ, ಅವರು ಹಿಂದೆ ಬಿದ್ದದ್ದು ಪತ್ರಿಕೆಯಿಂದಲೋ ಪಾಠ ನಡೆಯದ್ದರಿಂದಲೋ ಎಂದು ಆಧಾರ ಪರೀಕ್ಷೆ ಹೇಳಲಾರದು.

ಹೊಂದಾಣಿಕೆಯ ಲೆಕ್ಕ

ಎಲ್ಲರಿಗೂ ನಾಲ್ಕು ಅಂಕ ಸೇರಿಸಿದರೆ ಸಾಕೇ? ಸಾಲದು. ಎರಡನೆಯ ಪತ್ರಿಕೆಯ ಹರವು 15, ಮೊದಲನೆಯದರದು 12. ಘಟಕ ಪರೀಕ್ಷೆಯಲ್ಲಿ ಎರಡೂ ವಿಭಾಗಗಳ ಹರವು ಸಮನಾಗಿತ್ತು. ಆದುದರಿಂದ ಈ ಹೆಚ್ಚಿನ ಹರವು ಮಕ್ಕಳಿಂದ ಬಂದದ್ದಲ್ಲ, ಪತ್ರಿಕೆಯಿಂದ ಬಂದದ್ದು. ಅವಸರದಲ್ಲಿ ತಯಾರಾದ ಪತ್ರಿಕೆಯಲ್ಲಿ ಹೀಗಾಗುವುದು ಸಹಜ. ಸಣ್ಣ ಪ್ರಶ್ನೆಗಳು ಕಡಿಮೆಯಾಗಿ ದೀರ್ಘ ಲೆಕ್ಕಗಳು ಹೆಚ್ಚಾದಾಗ, ಬಲ್ಲ ಮಗುವಿಗೆ ಪೂರ್ಣ ಅಂಕ ಸಿಗುತ್ತದೆ, ಮೊದಲ ಹೆಜ್ಜೆಯಲ್ಲೇ ನಿಂತ ಮಗುವಿಗೆ ಏನೂ ಸಿಗುವುದಿಲ್ಲ. ಅಂತಹ ಪತ್ರಿಕೆ ಕೆಳಗಿನ ಮಕ್ಕಳಿಗೆ ಹೆಚ್ಚು ಕಠಿಣ, ಮೇಲಿನವರಿಗೆ ಅಷ್ಟೇನೂ ಕಠಿಣವಲ್ಲ. ಎಲ್ಲರಿಗೂ ಸಮನಾಗಿ ನಾಲ್ಕು ಅಂಕ ಕೊಟ್ಟರೆ ಹೆಚ್ಚು ನಷ್ಟ ಅನುಭವಿಸಿದವರಿಗೆ ಕಡಿಮೆ ಸಿಗುತ್ತದೆ, ನಷ್ಟವಾಗದವರಿಗೆ ಹೆಚ್ಚು ಸಿಗುತ್ತದೆ.

ಆದುದರಿಂದ ಲೆಕ್ಕವನ್ನು ಎರಡು ಹೆಜ್ಜೆಗಳಲ್ಲಿ ಮಾಡಬೇಕು. ಮೊದಲನೆಯದು: ಬಿ ವಿಭಾಗದೊಳಗೆ, ಮಗು ತನ್ನ ವಿಭಾಗದ ಸರಾಸರಿಗಿಂತ ಎಷ್ಟು ಮೇಲೆ ಅಥವಾ ಕೆಳಗಿದೆ ಎಂದು ನೋಡಿ, ಘಟಕ ಪರೀಕ್ಷೆಯಲ್ಲಿ ಅದಕ್ಕೆ ಸಮನಾದ ಅಂಕವನ್ನು ಕಂಡುಹಿಡಿಯುವುದು. ಎರಡನೆಯ ಪತ್ರಿಕೆಯ 15 ಅಂಕ ಘಟಕ ಪರೀಕ್ಷೆಯ 6 ಅಂಕಕ್ಕೆ ಸಮ. ಅಂದರೆ ಒಂದು ಅಂಕಕ್ಕೆ 0.4. ಎರಡನೆಯದು: ಘಟಕ ಪರೀಕ್ಷೆಯ ಆ ಅಂಕವನ್ನು ಎ ವಿಭಾಗದ ಮೂಲಕ ಮೊದಲ ಪತ್ರಿಕೆಗೆ ಒಯ್ಯುವುದು. ಅಲ್ಲಿ 6 ಅಂಕ 12ಕ್ಕೆ ಸಮ. ಒಂದು ಅಂಕಕ್ಕೆ 2.

ಬಿ ವಿಭಾಗದ ಒಂದು ಮಗುವಿಗೆ 51 ಅಂಕ ಬಂದಿದೆ ಎನ್ನೋಣ. ಅದು ಸರಾಸರಿ 44ಕ್ಕಿಂತ 7 ಹೆಚ್ಚು. 7ನ್ನು 0.4ರಿಂದ ಗುಣಿಸಿದರೆ 2.8, ಘಟಕ ಪರೀಕ್ಷೆಯಲ್ಲಿ ಬಿ ವಿಭಾಗದ ಸರಾಸರಿ 24ಕ್ಕೆ ಕೂಡಿಸಿದರೆ 26.8. ಇದು ಎ ವಿಭಾಗದ ಸರಾಸರಿ 26ಕ್ಕಿಂತ 0.8 ಹೆಚ್ಚು. 0.8ನ್ನು 2ರಿಂದ ಗುಣಿಸಿದರೆ 1.6, 52ಕ್ಕೆ ಕೂಡಿಸಿದರೆ 53.6. ಸೋಮವಾರದ ಪತ್ರಿಕೆಯನ್ನು ಬರೆದಿದ್ದರೆ ಈ ಮಗುವಿಗೆ ಸುಮಾರು 53.6 ಬರುತ್ತಿತ್ತು ಎಂಬುದು ನಮ್ಮ ಅಂದಾಜು.

ಎರಡು ಹೆಜ್ಜೆಗಳನ್ನು ಒಟ್ಟು ಸೇರಿಸಿದರೆ ಒಂದೇ ಸಾಲಿನ ಸೂತ್ರ ದೊರೆಯುತ್ತದೆ: ಹೊಂದಿಸಿದ ಅಂಕ = 48 + 0.8 × (ಕಚ್ಚಾ ಅಂಕ − 44). ಕ್ಯಾಲ್ಕ್‌ನಲ್ಲಿ ಬರೆಯುವ ರೀತಿ ಇದು:

```
=48+0.8*(B2-44)
```

ಮೊದಲ ಪತ್ರಿಕೆಯನ್ನೇ ಅಳತೆಗೋಲಾಗಿ ಆರಿಸಿದ್ದಕ್ಕೆ ಕಾರಣವಿದೆ. ಅದು ಮುಂಚಿತವಾಗಿ ಯೋಜನೆಯಂತೆ ತಯಾರಾದದ್ದು. ಶ್ರೇಣಿಗಳ ಗಡಿಗಳನ್ನು ಮನಸ್ಸಿನಲ್ಲಿಟ್ಟು ಸುಲಭ, ಸಾಧಾರಣ, ಕಠಿಣ ಪ್ರಶ್ನೆಗಳನ್ನು ಅಳೆದು ಹಾಕಿದ್ದು. ಅವಸರದ ಪತ್ರಿಕೆಯನ್ನು ಯೋಜಿತ ಪತ್ರಿಕೆಗೆ ಹೊಂದಿಸಬೇಕೇ ಹೊರತು ಅದಕ್ಕೆ ವಿರುದ್ಧವಾಗಿ ಅಲ್ಲ.

ಶ್ರೇಣಿ ಕೊನೆಯಲ್ಲಿ ಬರಬೇಕು

ಈಗ ಬಿ ವಿಭಾಗದ ನಾಲ್ವರು ಮಕ್ಕಳ ಅಂಕಗಳನ್ನು ನೋಡೋಣ. ನಿರಂತರ ಮೌಲ್ಯಮಾಪನದ ಅಂಕಗಳು ಪತ್ರಿಕೆಗೆ ಸಂಬಂಧಿಸಿದವಲ್ಲ. ಆದುದರಿಂದ ಅವನ್ನು ಹೊಂದಿಸದೆ ಹಾಗೆಯೇ ಕೂಡಿಸಬೇಕು.

| ಮಗು | ಕಚ್ಚಾ ಅಂಕ | ಹೊಂದಿಸಿದ ಅಂಕ | ನಿರಂತರ ಮೌಲ್ಯಮಾಪನ | ಮೊದಲಿನ ಮೊತ್ತ, ಶ್ರೇಣಿ | ಹೊಸ ಮೊತ್ತ, ಶ್ರೇಣಿ |
|---|---|---|---|---|---|
| ಒಂದು | 73 | 71.2 | 18 | 91, ಎ+ | 89.2, ಎ |
| ಎರಡು | 51 | 53.6 | 16 | 67, ಬಿ | 69.6, ಬಿ+ |
| ಮೂರು | 46 | 49.6 | 16 | 62, ಬಿ | 65.6, ಬಿ |
| ನಾಲ್ಕು | 25 | 32.8 | 13 | 38, ಡಿ+ | 45.8, ಸಿ |

ಎರಡನೆಯ ಮತ್ತು ಮೂರನೆಯ ಮಕ್ಕಳನ್ನು ಹೋಲಿಸಿದರೆ ಕ್ರಮದ ಮಹತ್ವ ತಿಳಿಯುತ್ತದೆ. ಇಬ್ಬರಿಗೂ ಮೊದಲು ಇದ್ದುದು ಬಿ ಶ್ರೇಣಿ. ಅಂಕಗಳನ್ನು ಬಿಟ್ಟು ಶ್ರೇಣಿಯನ್ನೇ ಹಿಡಿದುಕೊಂಡು ‘ಬಿ ವಿಭಾಗದವರಿಗೆಲ್ಲ ಒಂದು ಮೆಟ್ಟಿಲು ಏರಿಸೋಣ’ ಎಂದರೆ ಇಬ್ಬರಿಗೂ ಬಿ+ ಸಿಗುತ್ತದೆ. ಆದರೆ ಒಬ್ಬ ಮಗು ಗಡಿಯ ಹತ್ತಿರವಿದ್ದು ಪತ್ರಿಕೆಯ ಕಾರಣದಿಂದಲೇ ಹಿಂದೆ ಉಳಿದಿತ್ತು. ಇನ್ನೊಂದು ಮಗು ಮೊದಲ ಪತ್ರಿಕೆಯಲ್ಲಿಯೂ ಬಿ ಶ್ರೇಣಿಯಲ್ಲಿಯೇ ಇರುತ್ತಿತ್ತು. ಶ್ರೇಣಿಗೆ ಇಳಿಸಿದೊಡನೆ 60ಕ್ಕೂ 69ಕ್ಕೂ ಇರುವ ಅಂತರ ಮಾಯವಾಗುತ್ತದೆ, ಮತ್ತೆ ಅದನ್ನು ಹಿಂಪಡೆಯಲಾಗದು. ಮೊದಲು ಕಚ್ಚಾ ಅಂಕಗಳನ್ನು ಹೊಂದಿಸಿ, ನಿರಂತರ ಮೌಲ್ಯಮಾಪನದ ಅಂಕ ಕೂಡಿಸಿ, ಕೊನೆಗೆ ಒಂದೇ ಒಂದು ಸಲ ಪೂರ್ಣಾಂಕಕ್ಕೆ ತಂದು, ಅನಂತರ ಶ್ರೇಣಿ ಬರೆಯಬೇಕು.

ಎಲ್ಲರಿಗೂ ಎಂಟು ಅಂಕ ಎಂಬ ಮೊದಲ ಸಲಹೆಯ ಫಲವನ್ನೂ ಇಲ್ಲಿ ಕಾಣಬಹುದು. ಮೂರನೆಯ ಮಗುವಿಗೆ 62 ಇದ್ದದ್ದು 70 ಆಗಿ, ತನ್ನದಲ್ಲದ ಬಿ+ ದೊರೆಯುತ್ತಿತ್ತು. ಎ ವಿಭಾಗದಲ್ಲಿ ನಿಜವಾಗಿ 66 ಗಳಿಸಿದ ಮಗು ಬಿ ಶ್ರೇಣಿಯಲ್ಲಿಯೇ ಉಳಿದು ಅದನ್ನು ನೋಡಬೇಕಾಗುತ್ತಿತ್ತು.

ಪೂರ್ಣಾಂಕಕ್ಕೆ ತರುವ ನಿಯಮವೂ ಸ್ಪಷ್ಟವಾಗಿರಬೇಕು. ಅರ್ಧ ಮತ್ತು ಅದಕ್ಕಿಂತ ಹೆಚ್ಚಾದರೆ ಮೇಲಕ್ಕೆ ಎಂಬ ನಿಯಮದಂತೆ 69.6 ಎಂಬುದು 70 ಆಗಿ ಬಿ+ ಬಂತು. ದಶಾಂಶವನ್ನು ಕಡಿದುಹಾಕುವ ಅಭ್ಯಾಸವಿದ್ದರೆ ಅದು 69 ಆಗಿ ಬಿ ಉಳಿಯುತ್ತಿತ್ತು. ಒಂದು ಶ್ರೇಣಿ ಈ ಸಣ್ಣ ನಿಯಮದ ಮೇಲೆ ನಿಂತಿದೆ.

ಎರಡು ತುದಿಗಳಲ್ಲಿ ಸೂತ್ರ ಎಡವುತ್ತದೆ

ಮೊದಲನೆಯ ಮಗುವಿನ ವಿಷಯ ಉಳಿದಿದೆ. ಕಠಿಣ ಪತ್ರಿಕೆ ಬರೆದ ಮಗುವಿನ ಶ್ರೇಣಿ ಹೊಂದಾಣಿಕೆಯಿಂದ ಎ+ದಿಂದ ಎಗೆ ಇಳಿಯಿತು. ಇದೇ ಸೂತ್ರದಂತೆ ಎರಡನೆಯ ಪತ್ರಿಕೆಯಲ್ಲಿ 80ಕ್ಕೆ 80 ಪಡೆದ ಮಗುವಿಗೆ 76.8 ಸಿಗುತ್ತದೆ, ಖಾಲಿ ಹಾಳೆ ಕೊಟ್ಟ ಮಗುವಿಗೆ 12.8 ಸಿಗುತ್ತದೆ. ಎರಡೂ ಸಲ್ಲದ ಮಾತು.

ಇದಕ್ಕೆ ಕಾರಣವಿದೆ. ಸರಾಸರಿ ಮತ್ತು ಹರವುಗಳಿಂದ ಎಳೆದ ಸರಳರೇಖೆ ಮಕ್ಕಳು ಹೆಚ್ಚಾಗಿರುವ ಮಧ್ಯಭಾಗದಲ್ಲಿ ನಂಬಲರ್ಹ. ತುದಿಗಳಲ್ಲಿ ಇರುವವರು ಒಬ್ಬಿಬ್ಬರೇ. ಅಲ್ಲಿ ರೇಖೆಯನ್ನು ಮುಂದುವರಿಸಲು ನಮ್ಮ ಬಳಿ ಸಾಕ್ಷ್ಯವಿಲ್ಲ. ಆದುದರಿಂದ ಸರಾಸರಿಯಿಂದ ಎರಡೂ ಕಡೆಗೆ ಮಾನಕ ವಿಚಲನೆಯ ಒಂದೂವರೆ ಪಟ್ಟಿನವರೆಗೆ, ಅಂದರೆ ಸುಮಾರು 22ರಿಂದ 66ರವರೆಗೆ, ಸೂತ್ರವನ್ನು ಬಳಸಿ, ಅದರಾಚೆಗೆ ತುದಿಗಳನ್ನು ಕಟ್ಟಿಹಾಕುವುದು ಒಳ್ಳೆಯದು. ಸೊನ್ನೆಗೆ ಸೊನ್ನೆಯೇ, 80ಕ್ಕೆ 80ಯೇ ಎಂದು ಇಟ್ಟುಕೊಳ್ಳಬೇಕು.

ಸೂತ್ರದಂತೆ 22 ಎಂಬುದು 30.4 ಆಗುತ್ತದೆ. ಆದುದರಿಂದ 22ಕ್ಕಿಂತ ಕೆಳಗಿನ ಅಂಕವನ್ನು 30.4ರಿಂದ ಗುಣಿಸಿ 22ರಿಂದ ಭಾಗಿಸಬೇಕು. 11 ಅಂಕ 15.2 ಆಗುತ್ತದೆ. ಮೇಲ್ತುದಿಯಲ್ಲಿ 66 ಎಂಬುದು 65.6 ಆಗುತ್ತದೆ. ಅಲ್ಲಿಂದ 80ರವರೆಗೆ ಇರುವ 14 ಕಚ್ಚಾ ಅಂಕಗಳಿಗೆ 14.4 ಹೊಂದಿಸಿದ ಅಂಕಗಳನ್ನು ಸಮನಾಗಿ ಹಂಚಬೇಕು. ನಮ್ಮ ಮೊದಲನೆಯ ಮಗುವಿನ 73 ಅಂಕ ಈ ಹಾದಿಯ ನಡುವಿನಲ್ಲಿದೆ. 65.6ಕ್ಕೆ 7.2 ಸೇರಿ 72.8 ಆಗುತ್ತದೆ, ನಿರಂತರ ಮೌಲ್ಯಮಾಪನದ 18 ಕೂಡಿದರೆ 90.8, ಪೂರ್ಣಾಂಕದಲ್ಲಿ 91. ಎ+ ಉಳಿಯಿತು. ಇದು ಆ ಮಗುವಿಗೆ ತೋರಿದ ದಯೆಯಲ್ಲ. ಸಾಕ್ಷ್ಯವಿಲ್ಲದ ಕಡೆ ಅಂಕ ಕಡಿತಗೊಳಿಸದಿರುವ ಎಚ್ಚರಿಕೆ.

ಎಷ್ಟು ನಂಬಬಹುದು

ಮೂವತ್ತು ಮಕ್ಕಳ ಸರಾಸರಿ ಆಕಸ್ಮಿಕವಾಗಿಯೂ ಏರಿಳಿಯುತ್ತದೆ. ಇಬ್ಬರು ಜ್ವರದಿಂದ ಬಂದು ಬರೆದರೂ ಸರಾಸರಿ ಸರಿಯುತ್ತದೆ. ಮೇಲಿನ ಹರವುಗಳಿರುವಾಗ, ಆಧಾರ ಪರೀಕ್ಷೆಯಿಲ್ಲದೆ ಎರಡು ವಿಭಾಗಗಳ ಸರಾಸರಿಗಳನ್ನು ಹೋಲಿಸಿದರೆ ಮೂರೂವರೆ ಅಂಕಗಳಷ್ಟು ವ್ಯತ್ಯಾಸ ಕೇವಲ ಆಕಸ್ಮಿಕದಿಂದಲೂ ಬರಬಹುದು. ಘಟಕ ಪರೀಕ್ಷೆಯಲ್ಲಿ ಮುಂದಿದ್ದವರೇ ಬಹುಮಟ್ಟಿಗೆ ಈ ಪರೀಕ್ಷೆಯಲ್ಲಿಯೂ ಮುಂದಿದ್ದರೆ, ಆಧಾರ ಪರೀಕ್ಷೆಯ ನೆರವಿನಿಂದ ಆ ಅನಿಶ್ಚಿತತೆ ಸುಮಾರು ಎರಡು ಅಂಕಗಳಿಗೆ ಇಳಿಯುತ್ತದೆ. ನಮಗೆ ದೊರೆತ ನಾಲ್ಕು ಅಂಕ ಇದರ ಎರಡರಷ್ಟಿದೆ. ಆದುದರಿಂದ ಹೊಂದಾಣಿಕೆಗೆ ಆಧಾರವಿದೆ. ಅದು ಒಂದೋ ಒಂದೂವರೆಯೋ ಆಗಿದ್ದರೆ ಕಚ್ಚಾ ಅಂಕಗಳನ್ನು ಹಾಗೆಯೇ ಬಿಡುವುದು ಲೇಸು.

ಗಡಿನಾಡಿನ ಅನೇಕ ಶಾಲೆಗಳಲ್ಲಿ ಕನ್ನಡ ವಿಭಾಗದ ಮಕ್ಕಳು ಎಂಟು ಹತ್ತು ಮಂದಿ ಮಾತ್ರ. ಅಷ್ಟು ಸಣ್ಣ ಗುಂಪಿನಲ್ಲಿ ಹರವಿನ ಲೆಕ್ಕ ಒಬ್ಬ ಮಗುವಿನ ಅಂಕದಿಂದಲೇ ಬದಲಾಗುತ್ತದೆ. ಅಲ್ಲಿ ಈ ಸೂತ್ರವನ್ನು ಬಳಸಬಾರದು. ಎರಡು ಪತ್ರಿಕೆಗಳನ್ನೂ ಎದುರಿಗಿಟ್ಟುಕೊಂಡು, ಶ್ರೇಣಿಯ ಗಡಿಯಲ್ಲಿರುವ ಮಗು ಪ್ರತಿಯೊಂದು ಪ್ರಶ್ನೆಯಲ್ಲಿ ಎಷ್ಟು ಅಂಕ ಪಡೆಯಬಲ್ಲದು ಎಂದು ಇಬ್ಬರು ಅಧ್ಯಾಪಕರು ಬೇರೆ ಬೇರೆಯಾಗಿ ಅಂದಾಜಿಸಿ, ಮೊತ್ತಗಳನ್ನು ಹೋಲಿಸುವುದು ಮೇಲು. ಅದೂ ಸಾಧ್ಯವಾಗದಿದ್ದರೆ 20 ಅಂಕಗಳ ಸಮಾನ ಕಿರುಪರೀಕ್ಷೆಯೊಂದನ್ನು ಎಲ್ಲರಿಗೂ ಒಟ್ಟಿಗೆ ಕೊಡಬಹುದು.

ಲೆಕ್ಕ ಮುಗಿದ ಮೇಲೆ ಒಂದು ಪರಿಶೀಲನೆ ಮಾಡಬೇಕು. ಘಟಕ ಪರೀಕ್ಷೆಯಲ್ಲಿ 24ರಿಂದ 28 ಅಂಕ ಪಡೆದ ಮಕ್ಕಳನ್ನು ಎರಡೂ ವಿಭಾಗಗಳಿಂದ ಆರಿಸಿ. ಇವರು ಗಣಿತದಲ್ಲಿ ಹೆಚ್ಚುಕಡಿಮೆ ಸಮಾನರು. ಹೊಂದಿಸುವ ಮೊದಲು ಅವರ ಸರಾಸರಿ ಎ ವಿಭಾಗದಲ್ಲಿ 52ರ ಆಸುಪಾಸಿನಲ್ಲಿ, ಬಿ ವಿಭಾಗದಲ್ಲಿ 48ರ ಆಸುಪಾಸಿನಲ್ಲಿ ಕಾಣಬೇಕು. ಹೊಂದಿಸಿದ ಮೇಲೆ ಎರಡೂ ಹತ್ತಿರ ಬರಬೇಕು. ಬಾರದಿದ್ದರೆ ಲೆಕ್ಕದಲ್ಲಿ ತಪ್ಪಿದೆ, ಅಥವಾ ಆಧಾರ ಪರೀಕ್ಷೆ ತಕ್ಕುದಲ್ಲ. ಈ ಪರಿಶೀಲನೆಗೆ ಇನ್ನೊಂದು ಪ್ರಯೋಜನವೂ ಇದೆ: ಮಾನಕ ವಿಚಲನೆಯ ಹೆಸರನ್ನೇ ಕೇಳದ ರಕ್ಷಕರಿಗೂ ಇದನ್ನು ತೋರಿಸಿ ಹೇಳಬಹುದು.

ನಿಯಮ ಮೊದಲು, ಫಲಿತಾಂಶ ಅನಂತರ

ಕೊನೆಯ ಮಾತು ಸಮಯಕ್ಕೆ ಸಂಬಂಧಿಸಿದ್ದು. ಯಾವ ಪತ್ರಿಕೆ ಅಳತೆಗೋಲು, ಯಾವುದು ಆಧಾರ ಪರೀಕ್ಷೆ, ತುದಿಗಳನ್ನು ಹೇಗೆ ಕಟ್ಟುವುದು, ಪೂರ್ಣಾಂಕಕ್ಕೆ ಹೇಗೆ ತರುವುದು, ಎಷ್ಟು ಅಂಕಗಳಿಗಿಂತ ಕಡಿಮೆ ವ್ಯತ್ಯಾಸವಿದ್ದರೆ ಹೊಂದಿಸದೆ ಬಿಡುವುದು ಎಂಬಿವನ್ನು ಮಕ್ಕಳ ಹೆಸರುಗಳ ಮುಂದೆ ಶ್ರೇಣಿ ಕಾಣುವ ಮೊದಲೇ ತೀರ್ಮಾನಿಸಿ ಬರೆದಿಡಬೇಕು. ಫಲಿತಾಂಶ ನೋಡಿದ ಮೇಲೆ ಆರಿಸಿದ ನಿಯಮ ಎಷ್ಟು ಸರಿಯಾಗಿದ್ದರೂ ಯಾರಿಗೋ ಅನುಕೂಲ ಮಾಡಿದಂತೆ ತೋರುತ್ತದೆ. 2025ರಲ್ಲಿ ಕೇರಳದ ಎಂಜಿನಿಯರಿಂಗ್ ಪ್ರವೇಶದ ಶ್ರೇಯಾಂಕಪಟ್ಟಿಯನ್ನು ರಾಜ್ಯದ ಉಚ್ಚ ನ್ಯಾಯಾಲಯ ರದ್ದುಪಡಿಸಿದ್ದು ಅಂಕಗಳನ್ನು ಹೊಂದಿಸುವ ಸೂತ್ರವನ್ನು ಕೊನೆಯ ಗಳಿಗೆಯಲ್ಲಿ ಬದಲಿಸಿದ ಕಾರಣಕ್ಕಾಗಿ. ಅನಂತರ ಹಳೆಯ ಸೂತ್ರದಂತೆಯೇ ಪಟ್ಟಿಯನ್ನು ಮತ್ತೆ ಪ್ರಕಟಿಸಬೇಕಾಯಿತು.

ಅಂಕಪಟ್ಟಿಯಲ್ಲಿ ಕಚ್ಚಾ ಅಂಕ ಮತ್ತು ಹೊಂದಿಸಿದ ಅಂಕ ಎರಡಕ್ಕೂ ಬೇರೆ ಬೇರೆ ಕಂಬಗಳಿರಲಿ. ಕಚ್ಚಾ ಅಂಕವನ್ನು ಎಂದೂ ಅಳಿಸಬಾರದು. ಲೆಕ್ಕದ ಹಾಳೆಯನ್ನು ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಉತ್ತರಪತ್ರಿಕೆಗಳ ಜೊತೆಯಲ್ಲಿ ಇಟ್ಟರೆ, 67 ಇದ್ದ ಮಗುವಿಗೆ ಬಿ+ ಬಂದು 62 ಇದ್ದ ಮಗುವಿಗೆ ಏಕೆ ಬರಲಿಲ್ಲ ಎಂದು ಆ ಮಗುವಿನ ತಾಯಿ ಕೇಳಿದಾಗ ತೋರಿಸಲು ಒಂದು ಹಾಳೆ ಕೈಯಲ್ಲಿರುತ್ತದೆ.